ಹದಿನೇಳು ಗಂಟೆಯ ವಿಮಾನದಲ್ಲಿ ಸ್ಟೀಮ್ ಡೆಕ್: ಎರಡು ವರ್ಷ ಬಳಸಿದ ಮೇಲೆ

ಸ್ಯಾನ್ ಹೋಸೆಯಲ್ಲಿರುವ ನಾನು, ಸ್ಟೀಮ್ ಅಂಗಡಿಯ ಆಟಗಳನ್ನು ಕೈಯಲ್ಲೇ ಹಿಡಿದು ಆಡುವ ಯಂತ್ರವಾದ ಸ್ಟೀಮ್ ಡೆಕ್‌ನ ಒಎಲ್ಇಡಿ ಮಾದರಿಯನ್ನು ಕೊಂಡು ಎರಡು ವರ್ಷಗಳಾದವು. ಈ ಅವಧಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೂರು ಸಲ ಬಂದಿದ್ದೇನೆ. ಆ ನೇರ ವಿಮಾನದಲ್ಲಿ ಸುಮಾರು 17 ಗಂಟೆ ಹಿಡಿಯುತ್ತಿತ್ತು, ವೈಫೈ ಇರಲಿಲ್ಲ. ಮನೆಯಲ್ಲಿ ಈ ಯಂತ್ರ ಹೇಗೆ ಓಡುತ್ತದೆ ಎಂಬುದನ್ನು ಬಹಳ ಜನ ಬರೆದಿದ್ದಾರೆ. ಆದ್ದರಿಂದ ವಿಮಾನದೊಳಗಿನ ಅನುಭವವನ್ನು ಮಾತ್ರ ಬರೆಯುತ್ತೇನೆ.

ಮೊದಲ ಪ್ರಯಾಣಕ್ಕೆ ಐದು ಆಟಗಳನ್ನು ಡೌನ್‌ಲೋಡ್ ಮಾಡಿಕೊಂಡಿದ್ದೆ. ಆಕಾಶಕ್ಕೇರಿದ ಮೇಲೆ ತೆರೆದದ್ದು ಎರಡೇ. ಕೈಕೊಟ್ಟ ಮೂರರಲ್ಲಿ ಮೊದಲನೆಯದನ್ನು ಹಿಂದೆಂದೂ ತೆರೆದಿರಲಿಲ್ಲ. ವಿಂಡೋಸ್‌ಗಾಗಿ ಬರೆದ ಆಟಗಳನ್ನು ಡೆಕ್ ಪ್ರೋಟಾನ್ ಎಂಬ ಪದರದ ಮೂಲಕ ಓಡಿಸುತ್ತದೆ. ಆಟಕ್ಕೆ ಬೇಕಾದ ಉಳಿದ ಸಣ್ಣಪುಟ್ಟ ಘಟಕಗಳು ಸೇರಿಕೊಳ್ಳುವುದು ಅದನ್ನು ಮೊದಲ ಸಲ ತೆರೆದಾಗ. ಹಾಗಾಗಿ ಡೌನ್‌ಲೋಡ್ ನೂರಕ್ಕೆ ನೂರು ಮುಗಿದಿದೆ ಎಂದರೆ ಆಟ ಸಿದ್ಧವಾಗಿದೆ ಎಂದರ್ಥವಲ್ಲ. ಎರಡನೆಯ ಆಟಕ್ಕೆ ಹೊರಡುವ ಹೊತ್ತಿಗೆ ಅಪ್‌ಡೇಟ್ ಬಂದು ಅರ್ಧಕ್ಕೆ ನಿಂತಿತ್ತು. ಅಪ್‌ಡೇಟ್ ಬಾಕಿ ಇರುವ ಆಟವನ್ನು ಸ್ಟೀಮ್ ತೆರೆಯಲು ಬಿಡುವುದಿಲ್ಲ. ಮೂರನೆಯದು ಅದರ ಪ್ರಕಾಶಕರ ಪ್ರತ್ಯೇಕ ಲಾಂಚರನ್ನು ಕರೆದು ಲಾಗಿನ್ ಕೇಳಿ, ಅಲ್ಲಿಗೇ ನಿಂತಿತು. ಇಂತಹ ಲಾಂಚರ್ ಇರುವ ಆಟಗಳನ್ನು ನಾನೀಗ ವಿಮಾನಕ್ಕೆ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈಗ ಹೊರಡುವ ಹಿಂದಿನ ರಾತ್ರಿ ಹೀಗೆ ಮಾಡುತ್ತೇನೆ. ಎಲ್ಲ ಅಪ್‌ಡೇಟ್‌ಗಳು ಮುಗಿಯುವವರೆಗೆ ಕಾಯುತ್ತೇನೆ. ಪ್ರತಿ ಆಟವನ್ನೂ ವೈಫೈ ಇರುವಾಗಲೇ ಒಮ್ಮೆ ತೆರೆದು, ಉಳಿಸಿದ ಆಟದೊಳಕ್ಕೆ ಹೋಗಿ ಎರಡು ನಿಮಿಷ ಆಡುತ್ತೇನೆ. ಆಮೇಲೆ ವೈಫೈ ಆರಿಸಿ, ಯಂತ್ರವನ್ನು ಪೂರ್ತಿ ರೀಸ್ಟಾರ್ಟ್ ಮಾಡಿ, ಎಲ್ಲ ಆಟಗಳನ್ನೂ ಮತ್ತೆ ತೆರೆದು ನೋಡುತ್ತೇನೆ. ರೀಸ್ಟಾರ್ಟ್ ಮಾಡುವುದನ್ನು ಬಿಡಬೇಡಿ. ಬರೀ ನಿದ್ರೆಗೆ ಹೋಗಿ ಎದ್ದ ಯಂತ್ರದಲ್ಲಿ ಹಳೆಯ ಲಾಗಿನ್ ಇನ್ನೂ ಜೀವಂತವಾಗಿದ್ದು, ವಿಮಾನದಲ್ಲಿ ಎದುರಾಗುವ ತೊಂದರೆ ಮನೆಯಲ್ಲಿ ಕಾಣಿಸದೆ ಹೋಗಬಹುದು. ಇಷ್ಟಕ್ಕೆಲ್ಲ ಒಂದು ಗಂಟೆ ಸಾಕು. ಈ ಪರೀಕ್ಷೆಯಾದ ಮೇಲೆ ಪ್ರೋಟಾನ್ ಆವೃತ್ತಿಯನ್ನು ಬದಲಿಸಬಾರದು. ಡೆನುವೊ ಎಂಬ, ನಕಲು ತಡೆಯುವ ರಕ್ಷಣೆ ಇರುವ ಆಟಗಳು ಅದನ್ನು ಹೊಸ ಯಂತ್ರವೆಂದು ಬಗೆದು ಮತ್ತೆ ಇಂಟರ್‌ನೆಟ್ ಕೇಳುತ್ತವೆ.

ಲ್ಯಾಪ್‌ಟಾಪಿನಲ್ಲೂ ಅದೇ ಆಟವನ್ನು ಆಡುವವರು ಇನ್ನೊಂದು ವಿಷಯ ಗಮನಿಸಬೇಕು. ಎರಡನೆಯ ಪ್ರಯಾಣದಲ್ಲಿ ನನ್ನ ಸ್ಟಾರ್‌ಡ್ಯೂ ವ್ಯಾಲಿ ತೋಟ ಒಂದು ಇಡೀ ಋತುವಿನಷ್ಟು ಹಿಂದಕ್ಕೆ ಹೋಗಿತ್ತು. ಲ್ಯಾಪ್‌ಟಾಪಿನಲ್ಲಿ ಆಡಿದ್ದು ಕ್ಲೌಡಿಗೆ ಏರಿತ್ತು, ಆದರೆ ಡೆಕ್‌ಗೆ ಇಳಿದಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಆಟವನ್ನು ಮುಚ್ಚಿ, ಏರಿಕೆ ಮುಗಿದದ್ದನ್ನು ನೋಡಿ, ನಂತರ ಡೆಕ್‌ನಲ್ಲಿ ತೆರೆದು ದಿನಾಂಕ ಸರಿಯಿದೆಯೇ ಎಂದು ಪರೀಕ್ಷಿಸಿದರೆ ಈ ದುಃಖ ತಪ್ಪುತ್ತದೆ.

ಬ್ಯಾಟರಿಯ ಲೆಕ್ಕ ಸುಲಭ. ಒಎಲ್ಇಡಿ ಮಾದರಿಯಲ್ಲಿ 50 ವಾಟ್-ಅವರ್ ಇದೆ, ಹಳೆಯ ಎಲ್‌ಸಿಡಿ ಮಾದರಿಯಲ್ಲಿ 40. ಬಲಬದಿಯ ಮೂರು ಚುಕ್ಕಿಯ ಗುಂಡಿ ಒತ್ತಿ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ಓವರ್‌ಲೇ ಹಚ್ಚಿದರೆ, ಇಡೀ ಯಂತ್ರ ಎಷ್ಟು ವಾಟ್ ಕುಡಿಯುತ್ತಿದೆ ಎಂಬುದು ಪರದೆಯ ಮೇಲೆಯೇ ಕಾಣುತ್ತದೆ. 50ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಗಂಟೆ ಸಿಗುತ್ತದೆಂದು ತಿಳಿಯುತ್ತದೆ. ಎಲ್ಡನ್ ರಿಂಗ್ ನನ್ನ ಯಂತ್ರದಲ್ಲಿ 20 ವಾಟ್ ದಾಟುತ್ತದೆ, ಎರಡೂಕಾಲು ಗಂಟೆಯಲ್ಲಿ ಮುಗಿಯಿತು. ಸ್ಟಾರ್‌ಡ್ಯೂ ವ್ಯಾಲಿಗೆ ಟಿಡಿಪಿ, ಅಂದರೆ ಚಿಪ್ ಕುಡಿಯುವ ವಿದ್ಯುತ್ತಿನ ಮಿತಿಯನ್ನು 5 ವಾಟಿಗೆ ಇಳಿಸಿ, ಫ್ರೇಮ್ ಮಿತಿಯನ್ನು 45ಕ್ಕೆ ಕಟ್ಟಿ, ಕತ್ತಲಾದ ವಿಮಾನದಲ್ಲಿ ಪರದೆಯ ಬೆಳಕನ್ನು ಕಾಲು ಭಾಗಕ್ಕೆ ತಂದರೆ 7 ವಾಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂದರೆ ಏಳು ಗಂಟೆ. ಊಟ, ನಿದ್ದೆ ಕಳೆದರೆ 17 ಗಂಟೆಯ ಹಾದಿಯಲ್ಲಿ ನಾನು ಆಡುವುದು ಅಷ್ಟೇ. ಸ್ಲೇ ದ ಸ್ಪೈರ್‌ನಂತಹ ಸರದಿ ಆಟಗಳೂ ಈ ಮಿತಿಯಲ್ಲಿ ಚೆನ್ನಾಗಿ ಓಡುತ್ತವೆ. ಮಿತಿ ತೀರಾ ಬಿಗಿಯಾಗಿದ್ದರೆ ಆಟ ತಡವರಿಸಲು ಶುರುಮಾಡುತ್ತದೆ. ಆಗ ಒಂದು ವಾಟ್ ಏರಿಸಿದರೆ ಸಾಕು.

ಆಸನದ ವಿದ್ಯುತ್ತನ್ನು ನಾನು ನಂಬುವುದಿಲ್ಲ. ಡೆಕ್‌ನ ಚಾರ್ಜರ್ 45 ವಾಟಿನದು. ಆಸನದ ಹಳೆಯ ಯುಎಸ್‌ಬಿ ಕಿಂಡಿ ಕೊಡುವುದು ಅದರ ಚೂರುಪಾರು ಮಾತ್ರ, ಆಡುತ್ತಲೇ ಚಾರ್ಜ್ ಮಾಡಿದರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಮಲಗುವಾಗ ಸಿಕ್ಕಿಸಿಟ್ಟರೆ ಅಷ್ಟಿಷ್ಟು ತುಂಬಿಕೊಳ್ಳುತ್ತದೆ. ನನ್ನ 20,000 ಎಂಎಎಚ್ ಪವರ್ ಬ್ಯಾಂಕ್ 74 ವಾಟ್-ಅವರ್, ಸಾಮಾನ್ಯವಾಗಿ ಅನುಮತಿಯಿಲ್ಲದೆ ಒಯ್ಯಬಹುದಾದ 100ರ ಮಿತಿಯೊಳಗೇ ಇದೆ. ಅದನ್ನು ಕೈಚೀಲದಲ್ಲೇ ಒಯ್ಯಬೇಕು. ಆದರೆ 2025ರಿಂದ ಸಿಂಗಪುರ ಏರ್‌ಲೈನ್ಸ್, ಎಮಿರೇಟ್ಸ್‌ನಂತಹ ಕಂಪನಿಗಳು ವಿಮಾನದೊಳಗೆ ಅದರ ಬಳಕೆಯನ್ನೇ ನಿಷೇಧಿಸಿವೆ. ಟಿಕೆಟ್ ತೆಗೆದ ಕಂಪನಿಯ ನಿಯಮವನ್ನು ಓದಿ. ನಾನಂತೂ ಪವರ್ ಬ್ಯಾಂಕನ್ನು ಗೇಟಿನ ಬಳಿ ಕಾಯುವಾಗಲೇ ಬಳಸಿ, ಡೆಕ್‌ಗೆ ನೂರು ತುಂಬಿಸಿಕೊಂಡು ವಿಮಾನ ಹತ್ತುತ್ತೇನೆ.

ಮೂರನೆಯ ಪ್ರಯಾಣದಲ್ಲಿ ನಾಲ್ಕು ಆಟ ಒಯ್ದೆ, ನಾಲ್ಕೂ ತೆರೆದವು. ದೇವನಹಳ್ಳಿಯಲ್ಲಿ ಇಳಿದಾಗ ಬ್ಯಾಟರಿ ಇನ್ನೂ 11 ಪ್ರತಿಶತ ಉಳಿದಿತ್ತು.