ಒಂದೇ ಕಥೆ, ಮೂರು ಸರಳ ಇಂಗ್ಲಿಷ್: ಓದಿಸಿ ನೋಡಿದಾಗ

ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಅವಳು ನಿದ್ದೆಯಲ್ಲಿದ್ದಾಗ ಎರಡೂ ಬಾಯಿಂದ ತಪ್ಪಿಸಿಕೊಂಡವು. ಕಥೆ ಕಾಲಿನ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದವನು ‘ಯಾರು ಬಂದಿದ್ದಾರೆ?’ ಎಂದ. ಜಗಳವಾಯಿತು. ಅವನು ಕಂಬಳಿ ಹೊದ್ದು ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪದ ಕುಡಿಗಳೆಲ್ಲ ಅಲ್ಲಿ ಸೇರಿ ಹರಟುವಾಗ, ತಡವಾಗಿ ಬಂದ ಅವನ ಮನೆಯ ದೀಪ ಇದ್ದದ್ದನ್ನು ಹೇಳಿಬಿಟ್ಟಿತು. ಮಂಗಳೂರಿನಲ್ಲಿ ಕನ್ನಡ ಮಾಧ್ಯಮದಿಂದ ಪಿಯುಸಿಗೆ ಬಂದ ಮಕ್ಕಳಿಗಾಗಿ, ಅಂದರೆ ಯುರೋಪಿನ ಭಾಷಾ ಅಳತೆಯ ನಡು ಹಂತವಾದ ಬಿ1ರ ಆಸುಪಾಸಿನ ಮಟ್ಟಕ್ಕೆ, ಈ ಕಥೆಯನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆದು ಓದಿಸಿದ್ದೇವೆ.

ಮೊದಲನೆಯದು ತುಂಡು ವಾಕ್ಯದ ಪಾಠ. ಒಂದು ವಾಕ್ಯಕ್ಕೆ ಹೆಚ್ಚೆಂದರೆ 8 ಪದ, ಎಲ್ಲವೂ ಸಾಮಾನ್ಯ ಪದಗಳ ಪಟ್ಟಿಯೊಳಗಿನವೇ. ‘ಹಿ ಸಾ ದ ಶೂಸ್. ಹಿ ಸಾ ದ ಕೋಟ್. ಹಿ ವಾಸ್ ಆಂಗ್ರಿ.’ ಮಕ್ಕಳು ಸರಾಗ ಓದುತ್ತಾರೆ. ಆದರೆ ಸಿಟ್ಟು ಯಾಕೆ ಬಂತು ಎಂದು ಕೇಳಿದರೆ ‘ಜೋಡನ್ನು ಒಳಗಿಡಲಿಲ್ಲ, ಅದಕ್ಕೆ’ ಎಂಬ ಉತ್ತರ ಸಿಗುತ್ತದೆ. ಈ ಕಥೆ ನಿಂತಿರುವುದೇ ಗಂಡನ ಸಂಶಯದ ಮೇಲೆ. ಪೂರ್ಣವಿರಾಮಗಳ ನಡುವೆ ಬಿದ್ದುಹೋದದ್ದು ಅದೇ. ಪಾಠ ಓದಲು ಎಷ್ಟು ಕಷ್ಟ ಎಂದು ಅಳೆಯುವ ಫ್ಲೆಶ್–ಕಿನ್‌ಕೇಡ್ ಸೂತ್ರದಲ್ಲಿ ಹಾಕಿದರೆ ಮೂರರಲ್ಲಿ ಇದೇ ಅತಿ ಸುಲಭ ಎಂದು ಬರುತ್ತದೆ, ಯಾಕೆಂದರೆ ಆ ಸೂತ್ರ ಲೆಕ್ಕ ಹಾಕುವುದು ವಾಕ್ಯದ ಉದ್ದ ಮತ್ತು ಪದದ ಉಚ್ಚಾರಾಂಶ, ಇವೆರಡನ್ನು ಮಾತ್ರ. ಕಾರಣ ಕಳೆದುಹೋದದ್ದು ಅದಕ್ಕೆ ಕಾಣುವುದಿಲ್ಲ.

ಎರಡನೆಯದರಲ್ಲಿ ವಾಕ್ಯಕ್ಕೆ 15 ಪದದವರೆಗೆ ಬಿಟ್ಟು ಬಿಕಾಸ್, ಸೋ, ವೆನ್ ಇಟ್ಟುಕೊಂಡೆವು. ಅದೇ ಜಾಗ ಇಲ್ಲಿ ಹೀಗುಂಟು: ‘ಹಿ ಡಿಡ್ ನಾಟ್ ಬಿಲೀವ್ ಹರ್, ಬಿಕಾಸ್ ದ ಶೂಸ್ ವರ್ ನಾಟ್ ಹಿಸ್.’ ಹನ್ನೊಂದು ಪದ, ಕಷ್ಟದ್ದು ಒಂದೂ ಇಲ್ಲ. ಜೋಡಿನ ಬಗ್ಗೆ ತಪ್ಪು ಉತ್ತರ ಇಲ್ಲಿಗೆ ನಿಂತಿತು. ಕೊನೆಗೆ ನಾವು ಆರಿಸಿದ್ದು ಇದನ್ನೇ.

ಮೂರನೆಯದು ಕನ್ನಡದ ರುಚಿ ಉಳಿಸುವ ಪಾಠ: ಕಂಬಳಿ, ಗುಡಿ ಹಾಗೇ ಇವೆ, ಸಸ್ಪಿಷಸ್, ಫ್ಲಿಕರ್‌ನಂಥ ಪದಗಳೂ ಇವೆ, ಅಡಿಯಲ್ಲಿ ಅರ್ಥ. ಕಂಬಳಿ ನಮ್ಮ ಮಕ್ಕಳಿಗೆ ತೊಡಕೇ ಅಲ್ಲ, ಹೊರಗಿನವರಿಗೆ ತೊಡಕು. ನಿಜವಾದ ಭಾರ ಇಂಗ್ಲಿಷ್ ಪದಗಳದ್ದು. ಯಾರ ಸಹಾಯವೂ ಇಲ್ಲದೆ ಓದಲು ನೂರರಲ್ಲಿ ಸುಮಾರು 98 ಪದ ಗೊತ್ತಿರಬೇಕು ಎಂಬುದು ಈ ಕ್ಷೇತ್ರದಲ್ಲಿ ರೂಢಿಯಾದ ಅಳತೆ. 500 ಪದದ ಕಥೆಗೆ ಹತ್ತು ಹೊಸ ಪದ ಎಂದಾಯಿತು. ಇಪ್ಪತ್ತೈದಕ್ಕೆ ಏರಿದರೆ ಅಳತೆ 95ಕ್ಕೆ ಇಳಿಯುತ್ತದೆ. ಆಮೇಲೆ ಕಣ್ಣು ಕಥೆಗಿಂತ ಅಡಿಟಿಪ್ಪಣಿಯಲ್ಲೇ ಹೆಚ್ಚು ಹೊತ್ತು ಇರುತ್ತದೆ. ಶಿಕ್ಷಕರು ಜೊತೆಗಿದ್ದು ಓದಿಸುವ ತರಗತಿಗೆ ಅಡ್ಡಿಯಿಲ್ಲ.

ಮೂರರಲ್ಲೂ ಸಮಾನವಾಗಿ ಎಡವಿದ ಜಾಗವೊಂದಿದೆ. ಮಲಗುವ ಮುಂಚೆ ಜನ ದೀಪ ಆರಿಸುತ್ತಾರೆ ಎಂಬಲ್ಲಿ ‘ಪುಟ್ ಔಟ್’ ಎಂದು ಬರೆದಿದ್ದೆವು. ಎರಡೂ ಅತಿ ಸಾಮಾನ್ಯ ಪದ, ಯಾವ ಪಟ್ಟಿಯೂ ಅದನ್ನು ಹಿಡಿಯುವುದಿಲ್ಲ. ಓದುವವರು ಮಾತ್ರ ದೀಪವನ್ನು ಹೊರಗಿಟ್ಟರು ಎಂದುಕೊಳ್ಳುತ್ತಾರೆ. ಮುಂದೆ ಕುಡಿಗಳು ಹೇಗೂ ಗುಡಿಗೆ ಹೊರಡುವುದರಿಂದ ತಪ್ಪು ಅರ್ಥವೂ ಕಥೆಗೆ ಹೊಂದಿಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಪತ್ತೆ ಮಾಡಲು ಒಂದು ಪ್ರಶ್ನೆ ಸಾಕು: ಜನ ಮಲಗಿದಾಗ ದೀಪ ಉರಿಯುತ್ತಿತ್ತೇ, ಆರಿತ್ತೇ? ಪಾಠದಲ್ಲಿ ‘ದ ಲ್ಯಾಂಪ್ಸ್ ಸ್ಟಾಪ್ಡ್ ಬರ್ನಿಂಗ್’ ಎಂಬ ಪುಟ್ಟ ವಾಕ್ಯ ಅದರ ಬೆನ್ನಿಗೇ ಬಂದರೆ ಪದವನ್ನು ಬದಲಿಸಬೇಕಾಗಿಯೂ ಇಲ್ಲ.

ಎರಡನೆಯದನ್ನೇ ಆರಿಸಲು ಇನ್ನೊಂದು ಕಾರಣ ದೀಪದ ಮಾತು. ಕಥೆ ಚಿಕ್ಕದಾಗಲಿ ಎಂದು ‘ದೀಪ ನಡೆದದ್ದನ್ನೆಲ್ಲ ಹೇಳಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ಸುಲಭ. ಮೊದಲನೆಯ ಪಾಠದಲ್ಲಿ ಹಾಗೇ ಮಾಡಿದ್ದೆವು. ಆದರೆ ಜನಪದ ಕಥೆ ನಡೆದದ್ದನ್ನು ಎರಡನೇ ಸಲ ಹೇಳಿಸುವ ಜಾಗ ಅದು. ಜಗಳ, ಕಂಬಳಿ, ನಂಬಲಿಲ್ಲ ಎಂಬ ಹೊಸ ಪದಗಳೆಲ್ಲ ಬಲವಂತವಿಲ್ಲದೆ ಮತ್ತೊಮ್ಮೆ ಬರುತ್ತವೆ. ಎರಡನೆಯದರಲ್ಲಿ ದೀಪಕ್ಕೆ ಎಂಟು ವಾಕ್ಯ ಬಿಟ್ಟುಕೊಟ್ಟು, ಉದ್ಧರಣ ಚಿಹ್ನೆಯೊಳಗೆ ನೇರ ಮಾತಿನಲ್ಲೇ ಇಟ್ಟೆವು. ವರದಿಯ ಮಾತಾಗಿಸಿದರೆ ‘ಹ್ಯಾಡ್ ಸೀನ್’, ‘ಹ್ಯಾಡ್ ಗಾನ್’ ಸಾಲುಗಟ್ಟುತ್ತವೆ. ಯಾರು ಯಾವಾಗ ಏನು ಮಾಡಿದರು ಎಂಬುದು ಅಲ್ಲಿ ಕಲಸಿಹೋಗುತ್ತದೆ.

ಕೊನೆಯನ್ನು ಮಾತ್ರ ಮೊದಲನೆಯದರಿಂದ ತಂದುಕೊಂಡೆವು. ಗಂಡ ಮನೆಗೆ ಬಂದು ಕಥೆ, ಹಾಡು ಏನೆಂದು ಕೇಳುತ್ತಾನೆ. ‘ವಾಟ್ ಸ್ಟೋರಿ? ವಾಟ್ ಸಾಂಗ್?’ ಎನ್ನುತ್ತಾಳೆ. ಅವಳಿಗೆ ಮರೆತುಹೋಗಿದೆ ಎಂದು ಕೆಳಗೆ ಬಿಡಿಸಿ ಬರೆಯುವ ಅಗತ್ಯ ಬೀಳಲಿಲ್ಲ. ಅಲ್ಲಿ ಎರಡೆರಡು ಪದದ ತುಂಡು ವಾಕ್ಯವೇ ಸರಿ.