ಫೋಕಸ್ ಗ್ರೂಪ್ ರೆಕಾರ್ಡಿಂಗ್: ಪೂರ್ತಿ ಟೈಪ್ ಮಾಡೋದಾ, ಕೇಳ್ತಾ ಗುರುತು ಹಾಕೋದಾ?

ಶಿರಸಿಯ ಒಂದು ಸಣ್ಣ ತಂಡ ಮುರುಗಲು ಶರಬತ್ತನ್ನು ಬಾಟಲಿಯಿಂದ ಪ್ಯಾಕೆಟ್ಟಿಗೆ ಬದಲಿಸುವ ಯೋಚನೆಯಲ್ಲಿತ್ತು. ಕುಮಟಾದಲ್ಲಿ ಎಂಟು ಜನರನ್ನು ಒಟ್ಟಿಗೆ ಕೂರಿಸಿ ಅದರ ಬಗ್ಗೆ ಮಾತಾಡಿಸಿದ್ದರು, ಫೋಕಸ್ ಗ್ರೂಪ್ ಅಂದರೆ ಇದೇ. ಆ ಒಂದೂವರೆ ಗಂಟೆಯ ರೆಕಾರ್ಡಿಂಗ್ ಕೇಳಿ ಸಾರಾಂಶ ಬರೆಯುವ ಕೆಲಸ ನನಗೆ ಬಂತು. ಎರಡು ರೀತಿಯಲ್ಲಿ ಮಾಡಿ ನೋಡಿದೆ. ರೆಕಾರ್ಡಿಂಗ್ ಒಂದೇ ಆದರೂ ತಂಡಕ್ಕೆ ಹೋಗುವ ಮೊದಲ ಸಾಲೇ ಬೇರೆ ಆಯ್ತು.

ಮೊದಲನೆಯದು, ಎಲ್ಲವನ್ನೂ ಟೈಪ್ ಮಾಡಿ, ಪ್ರತಿ ಮಾತಿಗೂ ಬೆಲೆ, ಸಿಹಿ, ಪ್ಯಾಕೆಟ್ ಅಂತ ಒಂದೊಂದು ಬಣ್ಣ ಹಚ್ಚಿ, ಒಂದೇ ಬಣ್ಣದ್ದನ್ನು ಒಟ್ಟಿಗೆ ತರುವುದು. ಇದಕ್ಕೆ ತಾಳ್ಮೆ ಬೇಕು. ಒಬ್ಬರೇ ಮಾತಾಡುವ ಒಂದು ಗಂಟೆಯ ಧ್ವನಿಗೇ ನಾಲ್ಕೈದು ಗಂಟೆ ಹಿಡಿಯುತ್ತದೆ, ಎಂಟು ಜನ ಒಬ್ಬರ ಮೇಲೊಬ್ಬರು ಮಾತಾಡಿದರೆ ಇನ್ನೂ ಜಾಸ್ತಿ. ಲಾಭವೂ ಇದೆ: ಯಾವ ಮಾತೂ ತಪ್ಪಿಹೋಗುವುದಿಲ್ಲ, ತಂಡದವರು "ಇದನ್ನು ಯಾರು ಹೇಳಿದ್ದು?" ಅಂದರೆ ಸಾಲು ತೋರಿಸಬಹುದು.

ಆದರೆ ಹಾಳೆಯ ಮೇಲೆ ಎಲ್ಲ ಮಾತಿಗೂ ಒಂದೇ ತೂಕ. ಬೆಲೆಯ ಬಣ್ಣವೇ ಎಲ್ಲಕ್ಕಿಂತ ಜಾಸ್ತಿ ಕಂಡಿತು. ಓದಿದವರು ಯಾರಾದರೂ "ಜನಕ್ಕೆ ದುಬಾರಿ ಅನ್ನಿಸಿದೆ" ಅಂತಲೇ ಬರೆಯುತ್ತಿದ್ದರು.

ಎರಡನೆಯದು, ಟೈಪ್ ಮಾಡದೆ ಕೇಳುತ್ತಾ ಶೀಟಿನಲ್ಲಿ ಗುರುತು ಹಾಕುವುದು. ಒಂದು ಅಭಿಪ್ರಾಯಕ್ಕೆ ಒಂದು ಸಾಲು: ನಿಮಿಷ, ಯಾರು, ಯಾವ ವಿಷಯ, ಬೇಕೋ ಬೇಡವೋ, ಎಷ್ಟು ಗಟ್ಟಿ, ಹಾಗೆ ಅನ್ನಲು ಕಾರಣ. ಶುರುವಿನಲ್ಲಿ ಎಲ್ಲರೂ ತಮ್ಮ ಪರಿಚಯ ಹೇಳುತ್ತಾರಲ್ಲ, ಆ ಭಾಗವನ್ನು ಎರಡು ಮೂರು ಸಲ ಕೇಳಿ ಪ್ರತಿ ದನಿಗೂ ಒಂದು ಸಂಖ್ಯೆ ಕೊಡಬೇಕು. ಇದನ್ನು ಬಿಟ್ಟರೆ ಅರ್ಧ ಗಂಟೆ ಆಗುವಷ್ಟರಲ್ಲಿ ಯಾವ ದನಿ ಯಾರದ್ದು ಅಂತ ತಿಳಿಯುವುದೇ ಇಲ್ಲ.

ಗಟ್ಟಿತನಕ್ಕೆ ನಾನು ಇಟ್ಟುಕೊಂಡ ಅಳತೆ ಸರಳ. ಕೇಳಿದ್ದಕ್ಕೆ ಬರೀ "ಹೌದು" ಅಂದರೆ 1. ತಮ್ಮದೇ ಕಾರಣವೋ ಮನೆಯ ಉದಾಹರಣೆಯೋ ಕೊಟ್ಟರೆ 2. ಯಾರೂ ಕೇಳದೆ ತಾವಾಗಿ ಎತ್ತಿದರೆ, ಇಲ್ಲವೇ ಅದಕ್ಕಾಗಿ ಏನನ್ನಾದರೂ ಮಾಡಿದ್ದರೆ 3. ದನಿ ಏರಿದ್ದಕ್ಕೆ ಅಂಕ ಇಲ್ಲ. ಕೆಲವರು ಮಾತಾಡುವುದೇ ಜೋರಾಗಿ, ಅಲ್ವಾ? ಸುಮ್ಮನೆ ಕೂತವರಿಗೆ "ಹೇಳಿಲ್ಲ" ಅಂತ ಬರೆಯಬೇಕು, ಅವರನ್ನು ಒಪ್ಪಿದವರ ಲೆಕ್ಕಕ್ಕೆ ಸೇರಿಸಬಾರದು.

ಈಗ ಬೆಲೆಯ ಕಥೆ ನೋಡಿ. ಅಷ್ಟೂ ಮಾತನ್ನು ಎಳೆದದ್ದು ಇಬ್ಬರೇ. ಆಮೇಲೆ ಮಾತಾಡಿಸುತ್ತಿದ್ದವರೇ "ದುಬಾರಿ ಅನ್ಸತ್ತೆ ಅಲ್ವಾ?" ಅಂತ ಕೇಳಿದರು, ಮೂವರು ಹೌದು ಅಂದರು. ಉತ್ತರವನ್ನು ಬಾಯಿಗೆ ಹಾಕಿಕೊಟ್ಟ ಪ್ರಶ್ನೆ ಅದು, ಹಾಗಾಗಿ ಮೂವರಿಗೂ 1.

ಪ್ಯಾಕೆಟ್ ಬಗ್ಗೆ ಮಾತು ಕಡಿಮೆ, ಆದರೆ ಮೂವರು ಬೇರೆ ಬೇರೆ ಹೊತ್ತಿನಲ್ಲಿ ತಾವಾಗೇ ಒಂದೇ ವಿಷಯ ಎತ್ತಿದ್ದರು. ಸಿಹಿ ಜಾಸ್ತಿಯಾಯ್ತಾ ಅಂತ ಚರ್ಚೆ ನಡೆಯುವಾಗ ಒಬ್ಬ ಅಮ್ಮ ಮೆಲ್ಲಗೆ, "ಒಡೆದ ಮೇಲೆ ಮುಚ್ಚೂಕೆ ಬರೂದಿಲ್ಲ, ನಾ ಗಾಜಿನ ಬಾಟ್ಲಿಗೆ ಸುರ್ದಿಡ್ತೆ" ಅಂದಿದ್ದರು. ಯಾರೂ ಅದನ್ನು ಮುಂದುವರಿಸಲಿಲ್ಲ, ಮಾತು ಸಿಹಿಗೇ ಮರಳಿತು. ಟೈಪ್ ಮಾಡಿದ ಹಾಳೆಯಲ್ಲಿ ಅದು ಒಂದೇ ಒಂದು ಸಾಲು. ಶೀಟಿನಲ್ಲಿ ಅದಕ್ಕೆ 3, ಯಾಕೆಂದರೆ ಇಂಥ ಪ್ಯಾಕೆಟ್ಟುಗಳಿಗೆ ಅವರು ಮನೆಯಲ್ಲಿ ಆಗಲೇ ದಾರಿ ಹುಡುಕಿಕೊಂಡಿದ್ದಾರೆ. ಹಾಗಾಗಿ ಸಾರಾಂಶದಲ್ಲಿ ಮೇಲೆ ಬಂದದ್ದು ಪ್ಯಾಕೆಟ್: "ಮೂವರಿಗೆ ಮುಚ್ಚಲು ಬಾರದ್ದು ಗಟ್ಟಿ ತೊಂದರೆ, ಇಬ್ಬರು ಕೇಳಿದ ಮೇಲೆ ಒಪ್ಪಿದರು, ಒಬ್ಬರಿಗೆ ಪ್ಯಾಕೆಟ್ಟೇ ಇಷ್ಟ, ಇಬ್ಬರು ಹೇಳಿಲ್ಲ."

ಇದನ್ನು ಶೇಕಡಾ ಲೆಕ್ಕಕ್ಕೆ ತಿರುಗಿಸಬೇಡಿ. ಎಂಟು ಜನ ಇಡೀ ಕರಾವಳಿ ಅಲ್ಲ. ಗಟ್ಟಿತನದ ಸರಾಸರಿಯೂ ಬೇಡ: ನಾಲ್ವರು ಬೇಕೇ ಬೇಕು, ನಾಲ್ವರು ಬೇಡವೇ ಬೇಡ ಅಂದಾಗ ಬೇಡ ಅಂದವರ ಅಂಕವನ್ನು ಕಳೆದು ಸರಾಸರಿ ತೆಗೆದರೆ ಯಾರಿಗೂ ಅಷ್ಟೇನೂ ಅನ್ನಿಸಿಲ್ಲ ಅಂತ ಕಾಣುತ್ತದೆ.

ಶೀಟಿಗೂ ಮಿತಿ ಇದೆ. ತಲೆಯಾಡಿಸಿದ್ದು, ಮುಖ ಸಿಂಡರಿಸಿದ್ದು ಧ್ವನಿಯಲ್ಲಿ ಸಿಗದು. ಅಲ್ಲಿ ಕೂತಿದ್ದವರ ಟಿಪ್ಪಣಿ ಇದ್ದರೆ ಕೇಳಿ ತರಿಸಿಕೊಳ್ಳಿ.

ಒಂದೇ ಗುಂಪು, ತಂಡಕ್ಕೆ ಬೇಗ ಬೇಕು ಅಂದರೆ ನಾನು ಶೀಟನ್ನೇ ಆರಿಸುತ್ತೇನೆ, 3 ಬಿದ್ದ ಜಾಗಗಳನ್ನು ಮಾತ್ರ ಟೈಪ್ ಮಾಡುತ್ತೇನೆ. ಕಾರವಾರದಲ್ಲೊಂದು, ಘಟ್ಟದ ಮೇಲೆ ಇನ್ನೊಂದು ಅಂತ ಹಲವು ಗುಂಪು ಇದ್ದು ಹೋಲಿಸಬೇಕಾದರೆ ಪೂರ್ತಿ ಟೈಪ್ ಮಾಡಿದ್ದೇ ಒಳ್ಳೆಯದು. ಯಾವುದೇ ಇರಲಿ, ಹತ್ತು ನಿಮಿಷದ ಒಂದು ತುಣುಕನ್ನು ಇನ್ನೊಬ್ಬರಿಗೆ ಕೊಟ್ಟು, ನಿಮ್ಮ ಅಂಕ ತೋರಿಸದೆ ಅವರಿಂದಲೂ ಅಂಕ ಹಾಕಿಸಿ. ನೀವು 3 ಕೊಟ್ಟಲ್ಲಿ ಅವರು 1 ಕೊಟ್ಟಿದ್ದರೆ, ಆ ಜಾಗವನ್ನು ಇಬ್ಬರೂ ಕೂತು ಮತ್ತೊಮ್ಮೆ ಕೇಳಿ.