ಮಂಕಾದ ಹಸಿರು ಲೇಸರ್ ಮಕ್ಕಳ ಕೈಗೆ ಕೊಡಬೇಡಿ

ಮನೆಯಲ್ಲಿ ಅಗ್ಗದ ಹಸಿರು ಲೇಸರ್ ಪಾಯಿಂಟರ್ ಇದೆಯಾ? ಬೆಳಕು ಮಂಕಾಗಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರಿ.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಮ್ಮ ಅಕ್ಕನ ಮಗ ಒಂದು ಕೊಂಡು ತಂದ. ಹೊಸ ಸೆಲ್ ಹಾಕಿದರೂ ಚುಕ್ಕೆ ಮಂಕು. ವಾಪಸ್ ಕೊಡಲು ಹೋದರೆ ಅಂಗಡಿಯವನು, "ಬೆಳಕು ಕಡಿಮಿ ಐತಲ್ರೀ, ಹುಡುಗರಿಗೆ ಚಲೋನ ಆತು ಬಿಡ್ರಿ" ಅಂದ. ಈ ಮಾತೇ ಅಪಾಯಕಾರಿ.

ಇಂಥ ಪಾಯಿಂಟರಿನೊಳಗೆ ಹಸಿರು ಬೆಳಕು ನೇರವಾಗಿ ಹುಟ್ಟುವುದಿಲ್ಲ. 808 ನ್ಯಾನೊಮೀಟರ್ ತರಂಗಾಂತರದ, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಡಯೋಡ್ ಒಂದು ಹರಳಿಗೆ ಶಕ್ತಿ ಕೊಡುತ್ತದೆ. ಆ ಹರಳು 1064ರ ಬೆಳಕು ಬಿಡುತ್ತದೆ. ಅದೂ ಕಣ್ಣಿಗೆ ಕಾಣದು. ಮುಂದಿರುವ ಕೆಟಿಪಿ ಹರಳಿನಲ್ಲಿ 1064ರ ಎರಡು ಫೋಟಾನ್, ಅಂದರೆ ಬೆಳಕಿನ ಕಣಗಳು ಸೇರಿ 532ರ ಒಂದು ಫೋಟಾನ್ ಆಗುತ್ತವೆ. ಅದೇ ನಾವು ನೋಡುವ ಹಸಿರು.

ತೊಡಕು ಇರುವುದು ಇಲ್ಲೇ. ಹರಳಿನಲ್ಲಿ ಸಾಮಾನ್ಯವಾಗಿ ಇನ್‌ಫ್ರಾರೆಡ್ ಮತ್ತು ಹಸಿರು ಒಂದೇ ವೇಗದಲ್ಲಿ ಸಾಗುವುದಿಲ್ಲ. ಹಾಗಾಗಿ ಹಿಂದೆ ಹುಟ್ಟಿದ ಹಸಿರು ಮುಂದೆ ಹುಟ್ಟಿದ ಹಸಿರಿನ ಜೊತೆ ತಾಳ ತಪ್ಪುತ್ತದೆ. ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ದೂರದಲ್ಲೇ ಒಂದನ್ನೊಂದು ಅಳಿಸತೊಡಗುತ್ತವೆ. ಕೆಟಿಪಿಯಲ್ಲಿ ಬೆಳಕಿನ ವೇಗ ಅದರ ದಿಕ್ಕು ಮತ್ತು ಧ್ರುವೀಕರಣದ, ಅಂದರೆ ಅಲೆ ಯಾವ ಕಡೆಗೆ ಅಲುಗುತ್ತದೆ ಅನ್ನುವುದರ ಮೇಲೆ ಬದಲಾಗುತ್ತದೆ. ಸರಿಯಾದ ಕೋನದಲ್ಲಿ ಕತ್ತರಿಸಿದರೆ ತಾಳ ಕೂಡುತ್ತದೆ. ಇದೇ ಫೇಸ್ ಮ್ಯಾಚಿಂಗ್. ಅಂಟು ಸರಿದು ಹರಳು ಓರೆಯಾದರೆ ಹಸಿರು ಕುಸಿಯುತ್ತದೆ. ಆದರೆ ಡಯೋಡ್ ಎಂದಿನಂತೆ ಉರಿಯುತ್ತಲೇ ಇರುತ್ತದೆ. ಉಳಿದ ಇನ್‌ಫ್ರಾರೆಡ್ ತಡೆಯಲು ತುದಿಯಲ್ಲಿ ಫಿಲ್ಟರ್ ಇರಬೇಕು. ಅಗ್ಗದವುಗಳಲ್ಲಿ ಎಷ್ಟೋ ಸಲ ಅದೇ ಇರುವುದಿಲ್ಲ. ಅಮೆರಿಕದ ಸರ್ಕಾರಿ ಅಳತೆ ಸಂಸ್ಥೆ ಎನ್‌ಐಎಸ್‌ಟಿಯ 2010ರ ವರದಿಯ ಪ್ರಕಾರ, ಅಲ್ಲಿ ಪರೀಕ್ಷಿಸಿದ ಒಂದು ಪಾಯಿಂಟರಿನಿಂದ ಹಸಿರಿಗಿಂತ ಸುಮಾರು ಹತ್ತು ಪಟ್ಟು ಇನ್‌ಫ್ರಾರೆಡ್ ಹೊರಬರುತ್ತಿತ್ತು. ಅದು ಕಾಣದ ಕಾರಣ ರೆಪ್ಪೆ ಮುಚ್ಚುವುದಿಲ್ಲ, ರೆಟಿನಾಕ್ಕೆ ನೋವೂ ತಿಳಿಯದು.

ನಮ್ಮದನ್ನು ಪರೀಕ್ಷಿಸಿದ್ದು ಹೀಗೆ. ಟಿವಿ ರಿಮೋಟಿನ ತುದಿ ಹೊಳೆಯುವಂತೆ ತೋರಿಸುವ ಮೊಬೈಲ್ ಕ್ಯಾಮೆರಾ ಬೇಕು. ಮುಂದಿನ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಪಾಯಿಂಟರನ್ನು ಅಲ್ಲಾಡದಂತೆ ಕಟ್ಟಿ, ಬಿಳಿ ಹಾಳೆಯ ತೂತಿನ ಮೂಲಕ ಹಳೆ ಸಿಡಿಯ ಮೇಲೆ ಬಿಟ್ಟೆವು. ಸಿಡಿ ಬೆಳಕನ್ನು ಚುಕ್ಕೆಗಳಾಗಿ ಹರಡುತ್ತದೆ, ತರಂಗಾಂತರ ಹೆಚ್ಚಿದಷ್ಟೂ ಚುಕ್ಕೆ ದೂರ ಬೀಳುತ್ತದೆ. ಹಾಳೆ ಮೇಲೆ ಹಸಿರು ಚುಕ್ಕೆಗಳ ಸಾಲು ಬಿತ್ತು. ಸಿಡಿ ಕಡೆಗೆ ಯಾರೂ ಕಣ್ಣಿಡಲಿಲ್ಲ, ಹಾಳೆಯನ್ನು ಮೊಬೈಲಿನಲ್ಲಷ್ಟೇ ನೋಡಿದೆವು. ಮೊದಲ ಮತ್ತು ಎರಡನೇ ಹಸಿರು ಚುಕ್ಕೆಯ ನಡುವೆ, ಬರಿಗಣ್ಣಿಗೆ ಖಾಲಿ ಇದ್ದ ಜಾಗದಲ್ಲಿ, ನೇರಳೆ ಬಿಳುಪಿನ ದಪ್ಪ ಚುಕ್ಕೆ! ಅದು 808ರ ಸೋರಿಕೆ.

1064 ಹೀಗೆ ಸಿಕ್ಕಿಬೀಳುವುದಿಲ್ಲ. 532ರ ಎರಡರಷ್ಟಾದ ಕಾರಣ ಅದು ಎರಡನೇ ಹಸಿರು ಚುಕ್ಕೆಯ ಮೇಲೇ ಬೀಳುತ್ತದೆ, ಮೊಬೈಲ್ ಕ್ಯಾಮೆರಾಕ್ಕೆ ಕಾಣುವುದೂ ಕಮ್ಮಿ. ಅದಕ್ಕೇ ನಡುವೆ ಏನೂ ಕಾಣದಿದ್ದರೂ ಪಾಯಿಂಟರ್ ಪಾಸಾಯಿತು ಅಂದುಕೊಳ್ಳಬೇಡಿ.